ಟಿಕೆಟ್‌ನಲ್ಲಿ 12:20 AM ಅಂತಿದೆ, ಅಪ್ಪ ಯಾವ ರಾತ್ರಿ ಬಸ್ಸಿಗೆ ಹೋಗಬೇಕು?

ಸುಮಾ_ಹಾಸನ

ಅಪ್ಪ ಹಾಸನದಿಂದ ಉಡುಪಿಗೆ ಹೋಗಬೇಕು. ತಮ್ಮ ಆನ್‌ಲೈನ್‌ನಲ್ಲಿ ಒಂದು ಖಾಸಗಿ ಸ್ಲೀಪರ್ ಬಸ್ ಬುಕ್ ಮಾಡಿದ್ದಾನೆ. ಟಿಕೆಟ್ ಮೇಲ್ಗಡೆ ದೊಡ್ಡದಾಗಿ `14 Jun, Sat` ಅಂತಿದೆ. ಕೆಳಗೆ, ಹಾಸನದಲ್ಲಿ ಹತ್ತುವ ಜಾಗದ ಪಕ್ಕದಲ್ಲಿ `12:20 AM` ಅಂತಿದೆ.

ಅಪ್ಪ ಶನಿವಾರ ರಾತ್ರಿ ಊಟ ಮುಗಿಸಿಕೊಂಡು ಹೊರಟರಾಯಿತು ಅಂತಿದ್ದಾರೆ. ತಮ್ಮ ಹೇಳೋದು ಶುಕ್ರವಾರ ರಾತ್ರಿಯೇ ಹೋಗಬೇಕು, 14ನೇ ತಾರೀಖು ಶುರುವಾಗೋದೇ ಆಗ ಅಂತ. ಚಿಕ್ಕಪ್ಪ ಇಬ್ಬರನ್ನೂ ಒಪ್ಪುತ್ತಿಲ್ಲ, ಎಎಂ ಅಂದರೆ ಹಗಲು, ಶನಿವಾರ ಮಧ್ಯಾಹ್ನದ ಬಸ್ ಅಂತಾರೆ. ಇವತ್ತು ಬುಧವಾರ. ಅಪ್ಪನಿಗೆ 74 ವರ್ಷ, ಸುಮ್ನೆ ರಾತ್ರಿ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಕೂರಿಸೋಕೆ ನನಗಿಷ್ಟವಿಲ್ಲ. ಗೊತ್ತಿರುವವರು ಹೇಳಿ.

ರಾಘು_ಶಿವಮೊಗ್ಗ

ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ ಮೇಡಂ. ಬೆಳಿಗ್ಗೆ 10 ಎಎಂ, 11 ಎಎಂ, ಆಮೇಲೆ 12 ಎಎಂ. ಎಣಿಸುತ್ತಾ ಹೋದರೆ ಹಾಗೇ ತಾನೇ ಬರೋದು? ರಾತ್ರಿಯೂ ಅಷ್ಟೇ, 11 ಪಿಎಂ ಆದ ಮೇಲೆ 12 ಪಿಎಂ. ಹಾಗಾಗಿ 12:20 ಎಎಂ ಅಂದರೆ ಮಧ್ಯಾಹ್ನ.

ನಿವೃತ್ತ_ಸ್ಟೇಷನ್_ಮಾಸ್ಟರ್

ರಾಘು ಅವರೇ, ನಿಮ್ಮ ಲೆಕ್ಕ ತರ್ಕಕ್ಕೆ ಹೊಂದುತ್ತದೆ, ಆದರೆ ಬಳಕೆಯಲ್ಲಿರುವ ಗಡಿಯಾರ ಆ ತರ್ಕದಲ್ಲಿ ನಡೆಯೋದಿಲ್ಲ. ಫೋನು, ಟಿಕೆಟ್, ಕಂಪ್ಯೂಟರ್ ಎಲ್ಲದರಲ್ಲೂ 12:20 AM ಅಂದರೆ ನಡುರಾತ್ರಿ ಕಳೆದು 20 ನಿಮಿಷ. ಮಧ್ಯಾಹ್ನ ಊಟದ ಹೊತ್ತಿನದು 12:20 PM. ಇದರಲ್ಲಿ ಈಗ ಎರಡು ಮಾತಿಲ್ಲ.

ಗೊಂದಲ ಹುಟ್ಟೋದು ಹೀಗೆ. ನಮ್ಮ ಗಡಿಯಾರದ ಮುಖದ ಮೇಲೆ ಸೊನ್ನೆ ಇಲ್ಲ. ಸೊನ್ನೆ ಇರಬೇಕಾದ ಜಾಗದಲ್ಲಿ 12 ಕೂತಿದೆ. ಮುಳ್ಳು ಮೇಲೆ ಬಂದ ಕೂಡಲೇ ಹಳೆಯ ಸುತ್ತು ಮುಗಿದು ಹೊಸ ಸುತ್ತು ಶುರುವಾಗುತ್ತದೆ. ಹಾಗಾಗಿ 12 ಬರೋದು ಸುತ್ತಿನ ಕೊನೆಯಲ್ಲಲ್ಲ, ಮೊದಲಲ್ಲಿ. ಪಿಎಂ ಸುತ್ತು ನಡೆಯೋದು 12, 1, 2, 3 ಅಂತ ಶುರುವಾಗಿ 11ಕ್ಕೆ ಮುಗಿಯುವ ಹಾಗೆ. ನೀವು 12 ಅನ್ನು 11ರ ಬೆನ್ನಿಗೆ ಸೇರಿಸುತ್ತಿದ್ದೀರಿ, ಗಡಿಯಾರ ಅದನ್ನು 1ರ ಮುಂದೆ ಇಡುತ್ತದೆ. `12:20` ಕಂಡಾಗ ಮನಸ್ಸಿನಲ್ಲಿ `0:20` ಅಂತ ಓದಿಕೊಳ್ಳಿ, ತಪ್ಪೋದಿಲ್ಲ.

ಇನ್ನು ಸುಮಾ ಅವರ ಪ್ರಶ್ನೆ. ಅದು ಎಎಂ, ಪಿಎಂ ಪ್ರಶ್ನೆಯಷ್ಟೇ ಅಲ್ಲ, ತಾರೀಖಿನ ಪ್ರಶ್ನೆಯೂ ಹೌದು. ಅದನ್ನು ಹೇಳೋಕೆ ಮುಂಚೆ ಒಂದು ವಿಷಯ ಬೇಕು. ಆ ಬಸ್ ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಡುತ್ತದೆ?

ರಾಘು_ಶಿವಮೊಗ್ಗ

ಬಳಕೆ ಹಾಗಿದೆ ಅಂತ ಒಪ್ಪಿದೆ ಸರ್. ಆದರೆ ಎಎಂ ಅಂದರೆ ನಡುಹಗಲಿಗೆ ಮುಂಚೆ, ಪಿಎಂ ಅಂದರೆ ನಡುಹಗಲು ಕಳೆದ ಮೇಲೆ ಅಲ್ವಾ? ಸರಿಯಾಗಿ 12 ಹೊಡೆದಾಗ ಮುಂಚೆಯೂ ಅಲ್ಲ, ಆಮೇಲೂ ಅಲ್ಲ. ಆ ಗಳಿಗೆಗೆ ಪಿಎಂ ಅನ್ನೋದು ಹೇಗೆ ಸರಿ?

ನಿವೃತ್ತ_ಸ್ಟೇಷನ್_ಮಾಸ್ಟರ್

ಅದು ಸರಿಯಾದ ಆಕ್ಷೇಪ. ಸರಿಯಾಗಿ 12 ಗಂಟೆಗೆ ಎರಡೂ ಹೊಂದೋದಿಲ್ಲ. ನಡುರಾತ್ರಿಯಂತೂ ಹಿಂದಿನ ನಡುಹಗಲಿನಿಂದಲೂ ಮುಂದಿನ ನಡುಹಗಲಿನಿಂದಲೂ 12 ಗಂಟೆ ದೂರ, ಯಾವ ಕಡೆಗೂ ಸೇರಿಸಬಹುದು. ಅಮೆರಿಕದ ಅಳತೆ ಸಂಸ್ಥೆ ಎನ್‌ಐಎಸ್‌ಟಿ, ಇಂಗ್ಲೆಂಡಿನ ಎನ್‌ಪಿಎಲ್ ಎರಡೂ ಹೇಳೋದು ಇದನ್ನೇ. 12ರ ಜೊತೆ ಎಎಂ, ಪಿಎಂ ಬರೆಯಬೇಡಿ, ಮಧ್ಯಾಹ್ನ 12, ಮಧ್ಯರಾತ್ರಿ 12 ಅಂತ ಬಿಡಿಸಿ ಬರೆಯಿರಿ ಅಂತ.

ನಿಮ್ಮ ಹಾಗೆ ಎಣಿಸಿದವರು ಚಿಕ್ಕಪುಟ್ಟವರೂ ಅಲ್ಲ. ಅಮೆರಿಕ ಸರ್ಕಾರದ ಮುದ್ರಣಾಲಯದ ಬರವಣಿಗೆ ಕೈಪಿಡಿಯಲ್ಲಿ ನಡುಹಗಲಿಗೆ 12 ಎಎಂ, ನಡುರಾತ್ರಿಗೆ 12 ಪಿಎಂ ಅಂತಲೇ ಇತ್ತು. 2008ರ ಆವೃತ್ತಿಯಲ್ಲಿ ಅದನ್ನು ತಿರುಗಿಸಿದರು.

ಮತ್ತೆ ಪಿಎಂ ಯಾಕೆ ಗೆದ್ದಿತು? 12:00 ಅನ್ನೋದು ಒಂದು ಕ್ಷಣ ಮಾತ್ರ. 12:01ರಿಂದ 12:59ರವರೆಗೆ ನಡುಹಗಲು ಕಳೆದಿರೋದು ಖಂಡಿತ, ಅದು ಪಿಎಂ ಆಗಲೇಬೇಕು. ಡಿಜಿಟಲ್ ಗಡಿಯಾರ 12:00ಕ್ಕೆ ಒಂದು ಗುರುತು ತೋರಿಸಿ ಮರುನಿಮಿಷವೇ ಅದನ್ನು ಬದಲಿಸೋದಕ್ಕಿಂತ ಆ ಇಡೀ ಗಂಟೆಗೆ ಒಂದೇ ಗುರುತು ಕೊಡೋದು ಸುಲಭ.

ಇನ್ನೊಂದು ಮಾತು ಸೇರಿಸುತ್ತೇನೆ. ಹಾಸನದಲ್ಲಿ ಗಡಿಯಾರ 12 ತೋರಿಸುವಾಗ ಸೂರ್ಯ ನೆತ್ತಿಯ ಗೆರೆ ದಾಟಿರೋದಿಲ್ಲ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಹಾಸನ ಇರೋದು ಸುಮಾರು 76ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಜೂನ್ ಮಧ್ಯದಲ್ಲಿ ಅಲ್ಲಿ ನಿಜವಾದ ನಡುಹಗಲು ಆಗೋದು ಸುಮಾರು 12:25ಕ್ಕೆ. ಆದರೂ 12:10ಕ್ಕೆ ಪಿಎಂ ಅಂತಲೇ ಬರೆಯುತ್ತೇವೆ. ಅಂದರೆ ಈಗಿನ ಎಎಂ, ಪಿಎಂ ಸೂರ್ಯನನ್ನು ನೋಡೋದಿಲ್ಲ, ಗಡಿಯಾರವನ್ನು ಮಾತ್ರ ನೋಡುತ್ತವೆ.

ಪದ್ಮಕ್ಕ

ನನ್ನದೂ ಇದೇ ತೊಂದರೆ. ಯಜಮಾನರಿಗೆ ಮಧ್ಯಾಹ್ನ 12ಕ್ಕೆ ಒಂದು ಮಾತ್ರೆ ಕೊಡಬೇಕು. ಫೋನ್‌ನಲ್ಲಿ ಅಲಾರಂ ಇಟ್ಟರೆ ಹಗಲು ಹೊಡೆಯೋದೇ ಇಲ್ಲ, ನಡುರಾತ್ರಿ ಹೊಡೆದು ಎಬ್ಬಿಸುತ್ತದೆ. ಫೋನ್ ಕೆಟ್ಟಿದೆಯಾ? ಅಂಗಡಿಗೆ ಕೊಡಬೇಕಾ?

ನಳಿನಿ_ಸ್ಟಾಫ್‌ನರ್ಸ್

ಪದ್ಮಕ್ಕ, ಫೋನ್ ಸರಿಯಾಗೇ ಇದೆ. ಅಲಾರಂ `12:00 AM` ಅಂತ ಇರಬೇಕು, ಅದನ್ನು `PM` ಮಾಡಿ. ಇನ್ನೂ ಒಳ್ಳೆಯದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ತಾರೀಖು, ಸಮಯದ ಜಾಗಕ್ಕೆ ಹೋಗಿ `Use 24-hour format` ಆನ್ ಮಾಡಿಬಿಡಿ. ಆಗ ಮಧ್ಯಾಹ್ನ 12:00 ಅಂತಲೇ ಬರುತ್ತದೆ, ರಾತ್ರಿ 00:00 ಅಂತ ಬರುತ್ತದೆ. ಎರಡೂ ನೋಡೋಕೇ ಬೇರೆ.

ನಾವು ವಾರ್ಡಿನಲ್ಲಿ 24 ಗಂಟೆ ಲೆಕ್ಕದಲ್ಲೇ ಬರೆಯುತ್ತೇವೆ. ರಾತ್ರಿ ಪಾಳಿಯವರು ಬೆಳಗಿನವರಿಗೆ ಚಾರ್ಜ್ ಕೊಡುವಾಗ ಇಂಜೆಕ್ಷನ್ 12ಕ್ಕೆ ಆಯಿತು ಅಂತ ಬರೆದಿದ್ದರೆ ಅದು ನಿನ್ನೆ ಮಧ್ಯಾಹ್ನದ್ದೋ ರಾತ್ರಿಯದ್ದೋ ತಿಳಿಯೋಕೆ ಅವರನ್ನೇ ಹುಡುಕಬೇಕು. 00:10 ಅಂತ ಇದ್ದರೆ ಕೇಳೋದೇ ಬೇಡ.

ಪದ್ಮಕ್ಕ

ಸಿಕ್ಕಿತು ಕಣಮ್ಮಾ, ಆನ್ ಮಾಡಿದೆ. ಆದರೆ ಈಗ ಸಂಜೆಗೆ 18:30 ಅಂತ ತೋರಿಸುತ್ತಿದೆ, ಇವರಿಗೆ ಅದು ಅರ್ಥವಾಗುತ್ತಿಲ್ಲ.

ನಳಿನಿ_ಸ್ಟಾಫ್‌ನರ್ಸ್

12 ಕಳೆಯಿರಿ ಅಂತ ಹೇಳಿ. 18ರಲ್ಲಿ 12 ಹೋದರೆ 6. ಎರಡು ದಿನದಲ್ಲಿ ರೂಢಿಯಾಗುತ್ತದೆ. ಆಗದಿದ್ದರೆ ಅದನ್ನು ಆಫ್ ಮಾಡಿ, ಅಲಾರಂ 12ರ ಬದಲು 12:05 PMಗೆ ಇಡಿ. ಒಂದು ಸಲ ಹಗಲಲ್ಲೇ ಹೊಡೆಯುತ್ತದಾ ಅಂತ ನೋಡಿಕೊಂಡರೆ ಸಾಕು. ಮಾತ್ರೆಗೆ 5 ನಿಮಿಷ ಹೆಚ್ಚುಕಮ್ಮಿ ಆದರೆ ನಡೆಯುತ್ತದಾ ಅಂತ ಮಾತ್ರ ನಿಮ್ಮ ಡಾಕ್ಟರನ್ನು ಕೇಳಿ.

ಸುಮಾ_ಹಾಸನ

ಸರ್, ಟಿಕೆಟ್ ಪೂರ್ತಿ ತೆಗೆದು ನೋಡಿದೆ. ಬಸ್ ಹೊರಡೋದು ಬೆಂಗಳೂರಿನಿಂದ. ಅಲ್ಲಿ `09:00 PM` ಅಂತಿದೆ. ಹಾಸನ `12:20 AM`, ಉಡುಪಿ `05:45 AM`. ತಾರೀಖು ಮಾತ್ರ ಒಂದೇ ಕಡೆ, ಮೇಲ್ಗಡೆ, `14 Jun, Sat`. ಹಾಸನದ ಪಕ್ಕ ತಾರೀಖು ಇಲ್ಲ.

ನಿವೃತ್ತ_ಸ್ಟೇಷನ್_ಮಾಸ್ಟರ್

ಇದೇ ನನಗೆ ಬೇಕಿತ್ತು ತಾಯಿ. ಈಗ ಒಂದೊಂದಾಗಿ ನೋಡೋಣ.

ಮೊದಲು, 12:20 AM ಅಂದರೆ ನಡುರಾತ್ರಿ ಕಳೆದು 20 ನಿಮಿಷ. ಬೆಂಗಳೂರಿನಲ್ಲಿ ರಾತ್ರಿ 9ಕ್ಕೆ ಹೊರಟ ಬಸ್ 3 ಗಂಟೆ 20 ನಿಮಿಷದಲ್ಲಿ ಹಾಸನ ತಲುಪೋದು ಹೊಂದುತ್ತದೆ. ಚಿಕ್ಕಪ್ಪನ ಮಧ್ಯಾಹ್ನ ಇಲ್ಲಿಗೇ ಬಿದ್ದುಹೋಯಿತು.

ಇನ್ನು 14 ಅನ್ನೋದು ಯಾವ ತಾರೀಖು? ಎರಡು ಸಾಧ್ಯತೆ. ಅದು ನಿಮ್ಮ ತಂದೆ ಹತ್ತುವ ತಾರೀಖು ಆಗಿದ್ದರೆ ಬಸ್ ಶುಕ್ರವಾರ 13ರ ರಾತ್ರಿ 9ಕ್ಕೆ ಬೆಂಗಳೂರು ಬಿಡಬೇಕು, ತಮ್ಮ ಹೇಳಿದ್ದು ಸರಿ. ಅದು ಬಸ್ ಹೊರಡುವ ತಾರೀಖು ಆಗಿದ್ದರೆ ಶನಿವಾರ ರಾತ್ರಿ 9ಕ್ಕೆ ಹೊರಟು ಹಾಸನಕ್ಕೆ ಬರೋದು ಭಾನುವಾರ 15ರ 12:20ಕ್ಕೆ. ಆಗ ಅಪ್ಪ ಹೇಳಿದ್ದು ಸರಿ, ಶನಿವಾರ ಊಟ ಮುಗಿಸಿ ಹೋಗೋದು.

ಎಎಂ, ಪಿಎಂ ಎಷ್ಟೇ ಸರಿಯಾಗಿ ಗೊತ್ತಿದ್ದರೂ ಈ ಎರಡರಲ್ಲಿ ಯಾವುದು ಅಂತ ಅದರಿಂದ ತಿಳಿಯೋದಿಲ್ಲ. ರೈಲಿನಲ್ಲಿ ನಾವು ಈ ಕಷ್ಟ ತಪ್ಪಿಸಿಕೊಂಡಿದ್ದೇವೆ. ರಿಸರ್ವೇಷನ್‌ನಲ್ಲಿ ನೀವು ಹತ್ತುವ ಸ್ಟೇಷನ್ನಿನ ತಾರೀಖೇ ಲೆಕ್ಕ, ಹೊರಡುವ ಹೊತ್ತಿನ ಪಕ್ಕದಲ್ಲೇ ತಾರೀಖು ಇರುತ್ತದೆ, ಹೊತ್ತು 24 ಗಂಟೆಯದು. ಆದರೆ ರೈಲು ಎಲ್ಲಿದೆ ಅಂತ ನೋಡುವಾಗ ಮಾತ್ರ ರೈಲು ಮೊದಲ ಸ್ಟೇಷನ್ ಬಿಟ್ಟ ತಾರೀಖು ಕೇಳುತ್ತಾರೆ. ಅಲ್ಲಿ ಜನ ತಮ್ಮ ತಾರೀಖು ಹಾಕಿ ಬೇರೆ ದಿನದ ಗಾಡಿ ನೋಡುತ್ತಾ ಕೂರುತ್ತಾರೆ. ಖಾಸಗಿ ಬಸ್ಸುಗಳಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ.

ಬುಕ್ ಮಾಡಿದ ಜಾಗದಲ್ಲೇ ಪರೀಕ್ಷೆ ಮಾಡಬಹುದು. ಅದೇ ಬಸ್ಸನ್ನು ಅದೇ 14ನೇ ತಾರೀಖಿಗೆ ಬೆಂಗಳೂರಿನಿಂದ ಉಡುಪಿಗೆ ಹುಡುಕಿ. ಉಡುಪಿ ತಲುಪುವ ಹೊತ್ತಿನ ಪಕ್ಕ 15 ಅಂತ ಕಂಡರೆ, ಆ ಬಸ್ ಶನಿವಾರ ರಾತ್ರಿ ಹೊರಡುತ್ತದೆ ಅಂತಾಯಿತು. ಆಮೇಲೆ ಅದೇ ಸೀಟು ನಂಬರ್ ಅಲ್ಲೂ ಬುಕ್ ಆಗಿದೆಯಾ ನೋಡಿ. ಆಗಿದ್ದರೆ ಹೆಚ್ಚುಕಮ್ಮಿ ಅದೇ ಬಸ್. ಆದರೂ ಬಸ್ಸಿನವರಿಗೆ ಫೋನ್ ಮಾಡದೆ ಬಿಡಬೇಡಿ. ಕೇಳುವಾಗ 14ಕ್ಕಾ 15ಕ್ಕಾ ಅಂತ ಕೇಳಬೇಡಿ, ಅವರೂ ಟಿಕೆಟ್ ನೋಡಿ 14 ಅಂತಾರೆ. ಬಸ್ ಬೆಂಗಳೂರು ಬಿಡೋದು ಶುಕ್ರವಾರ ರಾತ್ರಿಯಾ, ಶನಿವಾರ ರಾತ್ರಿಯಾ ಅಂತ ಕೇಳಿ.

ಶ್ರೀಧರ_ಭಟ್

ನಾನು ಪಂಚಾಂಗ ನೋಡುವವನು. ಈ ಗೊಂದಲದ ಬೇರು ಇನ್ನೊಂದು ಕಡೆಯೂ ಇದೆ. ನಮ್ಮಲ್ಲಿ ವಾರ ಬದಲಾಗೋದು ಸೂರ್ಯೋದಯಕ್ಕೆ. ಶನಿವಾರದ ರಾತ್ರಿ ಪೂರ್ತಿ ಶನಿವಾರವೇ. 12:20 ಅನ್ನೋದು ಅದರ ನಡುವೆ ಎಲ್ಲೋ ಬರುತ್ತದೆ, ಅಲ್ಲಿ ಏನೂ ಬದಲಾಗೋದಿಲ್ಲ. ಸೂರ್ಯೋದಯ 6 ಗಂಟೆಗೆ ಅಂತಿಟ್ಟುಕೊಂಡರೆ, 24 ನಿಮಿಷಕ್ಕೊಂದು ಘಳಿಗೆಯ ಹಾಗೆ, ರಾತ್ರಿ 12:20 ಅಂದರೆ ಸುಮಾರು 46 ಘಳಿಗೆ. ದಿನಕ್ಕೆ 60. ಇನ್ನೂ 14 ಘಳಿಗೆ ಶನಿವಾರ ಉಳಿದಿದೆ. ಸುಮಾ ಅವರ ತಂದೆ ಶನಿವಾರ ರಾತ್ರಿ ಅಂದದ್ದು ಈ ಲೆಕ್ಕದಲ್ಲಿ. ಅವರು ತಪ್ಪು ಹೇಳಿಲ್ಲ.

ನನ್ನ ಹತ್ತಿರ ಮಗುವಿನ ಜಾತಕ ಬರೆಸೋಕೆ ಬರುವವರಲ್ಲಿ ಇದೇ ತೊಡಕು. ರಾತ್ರಿ 12:40ಕ್ಕೆ ಹುಟ್ಟಿದ ಮಗು ಅಂತಿಟ್ಟುಕೊಳ್ಳಿ. ಜನನ ಪತ್ರದಲ್ಲಿ ಭಾನುವಾರದ ತಾರೀಖು ಇರುತ್ತದೆ, ಅದು ಸರಿ. ಜಾತಕದಲ್ಲಿ ವಾರ ಶನಿವಾರ, ಅದೂ ಸರಿ. ಮನೆಯವರು ಒಂದನ್ನು ನೋಡಿ ಇನ್ನೊಂದನ್ನು ತಿದ್ದೋಕೆ ಹೋಗುತ್ತಾರೆ. ಶನಿವಾರ ಅಂತಿದೆಯಲ್ಲ ಅಂತ ತಾರೀಖನ್ನೇ ಒಂದು ದಿನ ಹಿಂದೆ ಹಾಕಿಸಿಕೊಂಡು ಬಂದವರೂ ಇದ್ದಾರೆ.

ಕಂಪ್ಯೂಟರಿನಲ್ಲಿ ಜಾತಕ ಹಾಕಿಸುವಾಗ 12:40 AM ಬದಲು PM ಒತ್ತಿದರೆ ಕೆಲಸ ಪೂರ್ತಿ ಕೆಟ್ಟಿತು. ಲಗ್ನ ಸುಮಾರು ಎರಡು ಗಂಟೆಗೊಂದು ರಾಶಿ ಸರಿಯುತ್ತದೆ, 12 ಗಂಟೆಯಲ್ಲಿ ಎದುರಿನ ರಾಶಿಯ ಕಡೆಗೇ ಹೋಗಿರುತ್ತದೆ. ನಕ್ಷತ್ರ ಸುಮಾರು ಒಂದು ದಿನ ಇರೋದರಿಂದ ಅರ್ಧಕ್ಕರ್ಧ ಸಲ ಅದು ಬದಲಾಗದೆಯೇ ಇರುತ್ತದೆ. ನಕ್ಷತ್ರ ಸರಿ ಇದೆ ಅಂತ ಮನೆಯವರು ಸುಮ್ಮನಾಗುತ್ತಾರೆ, ಲಗ್ನ ತಪ್ಪಿದ್ದು ಗೊತ್ತೇ ಆಗೋದಿಲ್ಲ. ಅದಕ್ಕೆ ನಾನು ಕುಂಡಲಿಯಲ್ಲಿ ಸೂರ್ಯ ಎಲ್ಲಿದ್ದಾನೆ ಅಂತ ಮೊದಲು ನೋಡುತ್ತೇನೆ. ನಡುರಾತ್ರಿ ಹುಟ್ಟಿದ್ದರೆ ಸೂರ್ಯ ನಾಲ್ಕನೇ ಮನೆಯ ಆಸುಪಾಸಿನಲ್ಲಿರಬೇಕು, ನಡುಹಗಲಾದರೆ ಹತ್ತನೇ ಮನೆಯ ಆಸುಪಾಸಿನಲ್ಲಿ. ಅಲ್ಲಿಗೆ ಎಎಂ, ಪಿಎಂ ತಪ್ಪಿದ್ದು ಸಿಕ್ಕಿಬೀಳುತ್ತದೆ.

ರಾಘು_ಶಿವಮೊಗ್ಗ

ಭಟ್ರೇ, ಹಾಗಾದರೆ ಬಸ್ಸಿನವರೂ ಸೂರ್ಯೋದಯದಿಂದಲೇ ದಿನ ಎಣಿಸಿದರೆ ಈ ತೊಂದರೆಯೇ ಇರೋದಿಲ್ಲವಲ್ಲ?

ವಿನಯ್_ಕೋಡ್

ರಾಘು ಅವರೇ, ಸೂರ್ಯೋದಯ ಊರಿಂದೂರಿಗೆ, ದಿನದಿಂದ ದಿನಕ್ಕೆ ಬೇರೆ. ಬಸ್ ವೇಳಾಪಟ್ಟಿಗೆ ಆಗೋದಿಲ್ಲ. ಆದರೆ ದಿನವನ್ನು ನಡುರಾತ್ರಿಯ ಆಚೆಗೂ ಎಳೆಯುವ ಪದ್ಧತಿ ಜಪಾನಿನಲ್ಲಿದೆ. ಅಲ್ಲಿ ಟಿವಿ ಕಾರ್ಯಕ್ರಮ ರಾತ್ರಿ 1 ಗಂಟೆಗಿದ್ದರೆ ಹಿಂದಿನ ದಿನದ 25:00 ಅಂತ ಹಾಕುತ್ತಾರೆ. ಸುಮಾ ಅವರ ಬಸ್ ಬೆಂಗಳೂರು ಬಿಡೋದು ಶನಿವಾರವೇ ಆದರೆ, ಆ ಲೆಕ್ಕದಲ್ಲಿ ಅದು ಶನಿವಾರ 24:20. ಯಾವ ರಾತ್ರಿ ಅಂತ ಕೇಳೋದೇ ಬೇಡ.

ನನ್ನ ಕೆಲಸ ಸಾಫ್ಟ್‌ವೇರ್. ಈ 12 ಪ್ರೋಗ್ರಾಂ ಒಳಗೂ ಕಾಟ ಕೊಡುತ್ತದೆ. ಒಂದು ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ ಕೆಲವರ ಕೆಲಸದ ಗಂಟೆ ಮೈನಸ್ ಬರುತ್ತಿತ್ತು. ಬೆಳಿಗ್ಗೆ 9ಕ್ಕೆ ಬಂದು 12:40ಕ್ಕೆ ಅರ್ಧ ದಿನ ರಜೆ ಹಾಕಿ ಹೋದವರಿಗೆ 3 ಗಂಟೆ 40 ನಿಮಿಷ ಬರಬೇಕು, ಮೈನಸ್ 8 ಗಂಟೆ 20 ನಿಮಿಷ ಬರುತ್ತಿತ್ತು. 11:50ಕ್ಕೆ ಹೋದವರದು ಸರಿ. 1:10ಕ್ಕೆ, ಅಂದರೆ 13:10ಕ್ಕೆ ಹೋದವರದೂ ಸರಿ. ಹಾಳಾಗುತ್ತಿದ್ದದ್ದು 12ರಿಂದ 1ರ ನಡುವಿನವರದು ಮಾತ್ರ, ಅದೂ ಸರಿಯಾಗಿ 12 ಗಂಟೆ ವ್ಯತ್ಯಾಸದಲ್ಲಿ. ಹುಡುಕಿದಾಗ ಜಾವಾದ ಹಳೆಯ ಲೈಬ್ರರಿಯಲ್ಲಿ ಈ ಸಾಲು ಸಿಕ್ಕಿತು.

```java
new SimpleDateFormat("yyyy-MM-dd hh:mm")
```

ಚಿಕ್ಕ `hh` ಅಂದರೆ 12 ಗಂಟೆಯ ಗಡಿಯಾರ. ಜೊತೆಗೆ ಎಎಂ, ಪಿಎಂ ಕೊಟ್ಟಿಲ್ಲದ್ದರಿಂದ ಅದು ಎಎಂ ಅಂತ ತಾನೇ ಊಹಿಸಿಕೊಳ್ಳುತ್ತದೆ. ಸ್ಟೇಷನ್ ಮಾಸ್ಟರ್ ಸರ್ ಹೇಳಿದ ಹಾಗೆ 12 ಎಎಂ ಅಂದರೆ ಸೊನ್ನೆ, ಹಾಗಾಗಿ 12:40 ಹೋಗಿ 00:40 ಆಯಿತು. 13:10 ಅಂತ ಬಂದರೆ ಅದು ತಕರಾರಿಲ್ಲದೆ 13:10 ಅಂತಲೇ ತೆಗೆದುಕೊಳ್ಳುತ್ತದೆ, ಅದಕ್ಕೇ ತಪ್ಪು ಇಷ್ಟು ದಿನ ಕಾಣಲಿಲ್ಲ. `hh` ತೆಗೆದು `HH` ಹಾಕಿದರೆ ಮುಗಿಯಿತು. ಹೊಸ `java.time` ಲೈಬ್ರರಿ ಹೀಗೆ ಊಹಿಸೋದಿಲ್ಲ, ಎಎಂ, ಪಿಎಂ ಇಲ್ಲ ಅಂತ ದೋಷ ತೋರಿಸಿ ನಿಂತುಬಿಡುತ್ತದೆ. ನಿಮ್ಮ ಯಾವುದೇ ಪಟ್ಟಿಯಲ್ಲಿ ಮಧ್ಯಾಹ್ನ 12ರ ಗಂಟೆ ಪೂರ್ತಿ ಖಾಲಿ ಇದ್ದು ನಡುರಾತ್ರಿ 12ರ ಗಂಟೆಯಲ್ಲಿ ಜಾಸ್ತಿ ಜನ ಕಂಡರೆ ಇದನ್ನೇ ಅನುಮಾನಿಸಿ.

ಸುಮಾ_ಹಾಸನ

ಬಸ್ಸಿನವರಿಗೆ ಫೋನ್ ಮಾಡಿದೆ. ಸರ್ ಹೇಳಿದ ಹಾಗೇ ಕೇಳಿದೆ. ಬಸ್ ಬೆಂಗಳೂರು ಬಿಡೋದು ಶನಿವಾರ ರಾತ್ರಿ 9ಕ್ಕೆ. ಟಿಕೆಟ್ ಮೇಲಿನ ತಾರೀಖು ಬಸ್ ಹೊರಡುವ ದಿನದ್ದಂತೆ. ಅಪ್ಪ ಶನಿವಾರ ರಾತ್ರಿ 11:45ಕ್ಕೆ ಹೊರಟರೆ ಸಾಕು. ಎಲ್ಲರಿಗೂ ಧನ್ಯವಾದ. ತಮ್ಮ ಮಾತ್ರ ಇನ್ನೂ ಒಪ್ಪಿಲ್ಲ, ಹತ್ತುವ ಜಾಗದ ಪಕ್ಕ 15 ಅಂತ ಹಾಕದಿದ್ದರೆ ಅದು ಬಸ್ಸಿನವರದೇ ತಪ್ಪು ಅಂತಾನೆ.

ನಿವೃತ್ತ_ಸ್ಟೇಷನ್_ಮಾಸ್ಟರ್

ತಮ್ಮ ಹೇಳೋದರಲ್ಲಿ ನ್ಯಾಯ ಇದೆ. ಹತ್ತುವವನಿಗೆ ಬೇಕಾದದ್ದು ಹತ್ತುವ ತಾರೀಖು.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ

ನಮ್ಮ ಕಟ್ಟಡದಲ್ಲಿ ನೀರಿನ ಟ್ಯಾಂಕ್ ತೊಳೆಸಬೇಕು. "ಜೂನ್ 20ರ ಮಧ್ಯರಾತ್ರಿಯಿಂದ ಬೆಳಿಗ್ಗೆ 4ರವರೆಗೆ ನೀರು ಇರುವುದಿಲ್ಲ" ಅಂತ ನೋಟಿಸ್ ಹಾಕಿದ್ದೇನೆ. ಅರ್ಧ ಜನ ಗುರುವಾರ ರಾತ್ರಿ ಅಂದುಕೊಂಡಿದ್ದಾರೆ, ಅರ್ಧ ಜನ ಶುಕ್ರವಾರ ರಾತ್ರಿ. 2016ರಲ್ಲಿ ನೋಟು ರದ್ದಾದಾಗ, 2020ರಲ್ಲಿ ಲಾಕ್‌ಡೌನ್ ಆದಾಗ ಮಧ್ಯರಾತ್ರಿಯಿಂದ ಅಂತಲೇ ಹೇಳಿದ್ದರಲ್ಲ, ಆಗ ಯಾರಿಗೂ ಈ ಅನುಮಾನ ಬರಲಿಲ್ಲ. ನನ್ನ ನೋಟಿಸಿಗೆ ಯಾಕೆ ಬಂತು?

ವಿನಯ್_ಕೋಡ್

ಆಗ ಎರಡು ಸಲವೂ ರಾತ್ರಿ 8ಕ್ಕೆ ಹೇಳಿದ್ದು, ಇಂದು ರಾತ್ರಿ ಅಂತ. ಕೇಳುವವನಿಗೆ ಇನ್ನು 4 ಗಂಟೆ ಇದೆ ಅಂತ ಗೊತ್ತಿತ್ತು. 2020ರ ಮಾರ್ಚ್ 24ರ ರಾತ್ರಿ ಹೇಳಿದ 21 ದಿನವನ್ನು 25ರಿಂದ ಎಣಿಸಿದ್ದಕ್ಕೇ ಅದು ಏಪ್ರಿಲ್ 14ಕ್ಕೆ ಮುಗಿದದ್ದು. ನಿಮ್ಮ ನೋಟಿಸ್ ಜನ ಬೇರೆ ಬೇರೆ ದಿನ ಓದುತ್ತಾರೆ, ಅಲ್ಲಿ ಇಂದು ಅನ್ನೋದಿಲ್ಲ. 20ಕ್ಕೆ ಎರಡು ತುದಿಯಲ್ಲೂ ಒಂದೊಂದು ಮಧ್ಯರಾತ್ರಿ ಇದೆ.

ಶ್ರೀಧರ_ಭಟ್

20ರ ಮಧ್ಯರಾತ್ರಿ ಅಂದರೆ ನನಗೆ 20ರ ಹಗಲು ಕಳೆದ ಮೇಲಿನ ರಾತ್ರಿಯೇ. ಬೇರೆ ಹೇಗೂ ಓದೋಕಾಗೋದಿಲ್ಲ.

ವಿನಯ್_ಕೋಡ್

ನನಗೆ 00:00, ಅಂದರೆ 20 ಶುರುವಾಗುವ ಹೊತ್ತು. ನೋಡಿ ಕಾರ್ಯದರ್ಶಿಗಳೇ, ನಮ್ಮಿಬ್ಬರಲ್ಲೇ ಒಮ್ಮತವಿಲ್ಲ.

ನಿವೃತ್ತ_ಸ್ಟೇಷನ್_ಮಾಸ್ಟರ್

ಹೀಗೆ ಬರೆದು ಹಾಕಿ: "ಜೂನ್ 19 ಗುರುವಾರ ರಾತ್ರಿ 11:55ರಿಂದ ಜೂನ್ 20 ಶುಕ್ರವಾರ ಬೆಳಗಿನ ಜಾವ 4ರವರೆಗೆ ನೀರು ಇರುವುದಿಲ್ಲ." ಎರಡು ತುದಿಗೂ ತಾರೀಖು ಮತ್ತು ವಾರ ಇರಲಿ. 12 ಅನ್ನೇ ಬಿಟ್ಟುಬಿಡಿ, 5 ನಿಮಿಷ ಮುಂಚೆ ನೀರು ನಿಂತರೆ ಯಾರಿಗೂ ನಷ್ಟವಿಲ್ಲ. ನಿಮ್ಮ ಮನಸ್ಸಿನಲ್ಲಿದ್ದದ್ದು ಶುಕ್ರವಾರ ರಾತ್ರಿಯಾದರೆ 20 ಮತ್ತು 21 ಹಾಕಿ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ

ಟ್ಯಾಂಕ್ ತೊಳೆಯುವವರನ್ನು ಕೇಳಿಯೇ ಹಾಕಬೇಕು ಸರ್. ಅವರಿಗೂ ನಾನು 20ರ ಮಧ್ಯರಾತ್ರಿ ಅಂತಲೇ ಹೇಳಿದ್ದೆ. ಈಗಲೇ ಫೋನ್ ಮಾಡುತ್ತೇನೆ.